ಡಿಕ್ರಿ ಆಗಿದೆ, ದುಡ್ಡು ಬಂದಿಲ್ಲ: ಬಂಧನವೋ, ಜಪ್ತಿಯೋ?

ಪ್ರಶ್ನೆ: ನಾನು ಸಣ್ಣ ಕಿರಾಣಿ ಅಂಗಡಿ ನಡೆಸುತ್ತೇನೆ. ಪರಿಚಯದ ಸರ್ಕಾರಿ ಶಾಲೆಯ ಮೇಷ್ಟ್ರು ಮತ್ತು ಅವರ ಹೆಂಡತಿ ಪ್ರಾಮಿಸರಿ ನೋಟಿಗೆ ಸಹಿ ಹಾಕಿ ಸಾಲ ಪಡೆದು ತೀರಿಸಲಿಲ್ಲ. ಇಬ್ಬರ ಮೇಲೂ ಡಿಕ್ರಿ ಆಗಿದೆ, ಅವರು ಅಪೀಲು ಹೋಗಿಲ್ಲ. ಬಡ್ಡಿ, ಖರ್ಚು ಸೇರಿ 4,20,000 ರೂಪಾಯಿ ಬರಬೇಕು. ಅಮಲ್ಜಾರಿ ಅರ್ಜಿಯಲ್ಲಿ ನ್ಯಾಯಾಲಯದ ನೆರವು ಯಾವ ರೀತಿಯಲ್ಲಿ ಬೇಕೆಂದು ಬರೆಯಬೇಕಂತೆ. ಇಬ್ಬರನ್ನೂ ಅರೆಸ್ಟ್ ಮಾಡಿಸು ಎಂದು ಬಂಧುಗಳು ಹೇಳುತ್ತಾರೆ. ಮೇಷ್ಟ್ರ ಹೆಸರಿನಲ್ಲಿ ನಮ್ಮ ಪಟ್ಟಣದಲ್ಲೇ ಒಂದು ಸೈಟಿದೆ, ಅದನ್ನು ಮಾರಲು ನೋಡುತ್ತಿದ್ದಾರೆಂಬ ಸುದ್ದಿಯಿದೆ. ಏನು ಬರೆಸಲಿ?

ಉತ್ತರ: ಅಮ್ಮಾ, ನೀವು ಬರೆಸಬೇಕಾದದ್ದು ಜಪ್ತಿ. ಮೊದಲು ಸೈಟು, ಅದರ ಜೊತೆಗೇ ಸಂಬಳ. ಬಂಧನದ ಮಾತು ಆಮೇಲೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 51ನೇ ಕಲಂ ಡಿಕ್ರಿದಾರರಿಗೆ ಹಲವು ದಾರಿ ಕೊಡುತ್ತದೆ. ಆದರೆ ಡಿಕ್ರಿ ಯಾವುದರ ಬಗ್ಗೆ ಆಗಿದೆಯೋ ಅದಕ್ಕೆ ಹೊಂದುವ ದಾರಿಯನ್ನೇ ಹಿಡಿಯಬೇಕು. ಜಮೀನಿನ ಸ್ವಾಧೀನದ ಡಿಕ್ರಿಯಾದರೆ ಅಮೀನರ ಮೂಲಕ ಸ್ವಾಧೀನ ಕೊಡಿಸಿ ಎಂದು ಕೇಳಬೇಕು. ನಿಮ್ಮದು ಹಣದ ಡಿಕ್ರಿ. ಇದಕ್ಕೆ ಸಾಮಾನ್ಯವಾಗಿ ಇರುವ ದಾರಿ ಎರಡು: ಆಸ್ತಿ ಜಪ್ತಿ ಮಾಡಿಸಿ ಹರಾಜು ಹಾಕಿಸುವುದು, ಇಲ್ಲವೇ ಸಾಲಗಾರರನ್ನು ಸಿವಿಲ್ ಬಂಧನದಲ್ಲಿಡಿಸುವುದು.

ಸೈಟಿನ ಜಪ್ತಿಗೆ ಅವಸರ ಮಾಡಿ ಎನ್ನಲು ಕಾರಣವಿದೆ. ಜಪ್ತಿ ಆದಮೇಲೆ ಅದಕ್ಕೆ ವಿರುದ್ಧವಾಗಿ ಮಾಡಿದ ಖಾಸಗಿ ಮಾರಾಟ ನಿಮ್ಮ ಹಕ್ಕನ್ನು ಮುಟ್ಟುವುದಿಲ್ಲ, 64ನೇ ಕಲಂ ಹಾಗೆ ಹೇಳುತ್ತದೆ. ಜಪ್ತಿಗೆ ಮೊದಲೇ ಕ್ರಯಪತ್ರ ಆಗಿಬಿಟ್ಟರೆ, ಆ ಮಾರಾಟ ಮೋಸದ್ದೆಂದು ಸಾಬೀತು ಮಾಡಲು ಇನ್ನೊಂದು ಹೋರಾಟ ನಡೆಸಬೇಕಾಗುತ್ತದೆ. ಹಾಗಾಗಿ ಉಪನೋಂದಣಿ ಕಚೇರಿಯಿಂದ ಇ.ಸಿ. ತೆಗೆಸಿ, ಅಡಮಾನವೋ ನೋಂದಾಯಿತ ಕರಾರೋ ಇದೆಯೇ ಎಂದು ನೋಡಿ. ಅರ್ಜಿಯ ಷೆಡ್ಯೂಲಿನಲ್ಲಿ ಸೈಟಿನ ನಂಬರು, ಅಳತೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಸರಿಯಾಗಿರಲಿ. ಚಕ್ಕುಬಂದಿ ತಪ್ಪಿದರೆ ಆಕ್ಷೇಪಣೆ ಬಂದು ಕೇಸು ಎಳೆದಾಡುತ್ತದೆ.

ಸಂಬಳದ ವಿಷಯಕ್ಕೆ ಬನ್ನಿ. 60ನೇ ಕಲಂ ಪ್ರಕಾರ ಸಂಬಳದ ಮೊದಲ 1,000 ರೂಪಾಯಿಯನ್ನೂ ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ವಿನಾಯಿತಿ ಇರುವ ಭತ್ಯೆ ಕಳೆದು ಮೇಷ್ಟ್ರ ಸಂಬಳ 40,000 ಎಂದಿಟ್ಟುಕೊಳ್ಳಿ. 1,000 ತೆಗೆದರೆ 39,000, ಅದರ ಮೂರನೇ ಒಂದು ಭಾಗ 13,000. ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ನ್ಯಾಯಾಲಯದ ಆದೇಶ ಹೋದರೆ, ತಿಂಗಳಿಗೆ ಅಷ್ಟನ್ನು ಹಿಡಿದು ನ್ಯಾಯಾಲಯಕ್ಕೆ ಕಳಿಸುತ್ತಾರೆ. ಆದರೆ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ ಸಂಬಳ ಹಿಡಿಯಬಹುದು. ಅಂದರೆ 3,12,000 ಬರುತ್ತದೆ. ಮುಂದಿನ ಬಡ್ಡಿಯನ್ನು ಬಿಟ್ಟರೂ 1,08,000 ಬಾಕಿ ಉಳಿಯುತ್ತದೆ. ಸಂಬಳವೊಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುವುದು ಇದಕ್ಕೇ. ಸೈಟು ಜಪ್ತಿಯಲ್ಲಿದ್ದರೆ ಆ ಬಾಕಿಗೆ ಹರಾಜು ಕೇಳಬಹುದು. ಹರಾಜಿನ ನೋಟಿಸು ಕೈಗೆ ಬಂದಾಗ ಎಷ್ಟೋ ಮಂದಿ ಸೈಟು ಉಳಿಸಿಕೊಳ್ಳಲು ತಾವೇ ಹಣ ಕಟ್ಟುತ್ತಾರೆ.

ಇನ್ನು ಬಂಧನ. ಮೇಷ್ಟ್ರ ಹೆಂಡತಿಯನ್ನು ಬಂಧಿಸಿ ಎಂದು ಕೇಳಲೇಬೇಡಿ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ, 56ನೇ ಕಲಂ ಅದನ್ನು ನಿಷೇಧಿಸಿದೆ. ಅವರ ಹೆಸರಿನಲ್ಲಿ ಆಸ್ತಿಯಿದ್ದರೆ ಅದನ್ನು ಜಪ್ತಿ ಮಾಡಿಸಬಹುದು, ಅಷ್ಟೆ.

ಮೇಷ್ಟ್ರ ವಿಷಯದಲ್ಲೂ ಹಣ ಕೊಟ್ಟಿಲ್ಲ ಎನ್ನುವುದೊಂದೇ ಸಾಲದು. ಕೊಡುವ ಶಕ್ತಿಯಿದ್ದೂ ಕೊಡುತ್ತಿಲ್ಲ, ಅಥವಾ ದಾವೆ ಹಾಕಿದ ಮೇಲೆ ಆಸ್ತಿಯನ್ನು ಅಪ್ರಾಮಾಣಿಕವಾಗಿ ಪರಭಾರೆ ಮಾಡಿದ್ದಾರೆ, ಇಲ್ಲವೇ ತಲೆಮರೆಸಿಕೊಳ್ಳುವ ಸಂಭವವಿದೆ ಎಂಬಂಥದ್ದನ್ನು ನೀವು ತೋರಿಸಬೇಕು. ಅವರ ವಾದ ಕೇಳಿ, ನ್ಯಾಯಾಧೀಶರು ಕಾರಣ ಬರೆದು ಆದೇಶ ಮಾಡಬೇಕು. ಬಡತನವೊಂದಕ್ಕೇ ಯಾರನ್ನೂ ಸಿವಿಲ್ ಜೈಲಿಗೆ ಕಳಿಸಬಾರದೆಂದು ಸುಪ್ರೀಂ ಕೋರ್ಟು 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ, ಅದು ಸರಿಯಾದ ಮಾತೇ. ಬಂಧನವಾದರೂ ಗರಿಷ್ಠ 3 ತಿಂಗಳು, ಅಷ್ಟು ದಿನದ ಜೀವನಭತ್ಯೆಯನ್ನು ನೀವೇ ಕಟ್ಟಬೇಕು. ಬಿಡುಗಡೆಯಾದರೆ ಸಾಲ ತೀರುವುದಿಲ್ಲ ನಿಜ, ಆದರೆ ಅದೇ ಡಿಕ್ರಿಗೆ ಅವರನ್ನು ಮತ್ತೆ ಬಂಧಿಸುವಂತಿಲ್ಲ. ಅವರು ಒಳಗಿದ್ದರೆ ನಿಮಗೆ ಬರಬಹುದಾದ ಸಂಬಳಕ್ಕೂ ಅಡ್ಡಿಯಾಗಬಹುದು.

ಬೇರೆ ಆಸ್ತಿ ಮುಚ್ಚಿಟ್ಟಿದ್ದಾರೆಂಬ ಅನುಮಾನವಿದ್ದರೆ, ಆಸ್ತಿ ವಿವರದ ಪ್ರಮಾಣಪತ್ರ ಸಲ್ಲಿಸುವಂತೆ ಆದೇಶಿಸಲು ಆದೇಶ 21, ನಿಯಮ 41ರಡಿ ಅರ್ಜಿ ಹಾಕಿಸಿ. ಅದರಲ್ಲಿ ಸಿಕ್ಕ ವಿವರವೇ ನಾಳೆ ಬಂಧನ ಕೇಳಬೇಕಾಗಿ ಬಂದರೆ ನಿಮಗೆ ಸಾಕ್ಷ್ಯ.

ಅಮಲ್ಜಾರಿಗೆ ಡಿಕ್ರಿಯಿಂದ 12 ವರ್ಷದ ಅವಧಿಯಿದೆ. ಆದರೆ ಸೈಟು ಕೊಳ್ಳುವವರು ಅಷ್ಟು ಕಾಯುವುದಿಲ್ಲ. ಈ ವಾರವೇ ಇ.ಸಿ. ತೆಗೆಸಿ, ಡಿಕ್ರಿಯ ನಕಲು ಹಿಡಿದು ವಕೀಲರ ಬಳಿ ಹೋಗಿ, ಸೈಟು ಮತ್ತು ಸಂಬಳದ ಜಪ್ತಿ ಎಂದೇ ಬರೆಸಿ.