ತುಪ್ಪುಳೋ ನಾರೋ: ಮೊದಲ ಚಳಿಗಾಲದ ಲೆಕ್ಕ

ಕಾಪುವಿನ ಕಡಲತೀರದಲ್ಲಿ ಬೆಳೆದು, ಚಳಿಯೆಂದರೆ ಧನುರ್ಮಾಸದ ಬೆಳಗಿನ ಜಾವ ದೇವಸ್ಥಾನಕ್ಕೆ ಹೋಗುವಾಗ ಹೊದೆಯುವ ಶಾಲಿನಷ್ಟೇ ಎಂದು ತಿಳಿದಿದ್ದ ನಾನು, ಮಣಿಪಾಲದ ವ್ಯಾಸಂಗವನ್ನು ಮುಗಿಸಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೊರಟಾಗ, ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಹೆಚ್ಚು ಉಬ್ಬಿಕೊಂಡಿದ್ದ, ಬಾತುಕೋಳಿಯ ತುಪ್ಪುಳು ತುಂಬಿದ ಜಾಕೆಟನ್ನು 14,000 ರೂಪಾಯಿಗೆ ಕೊಂಡೆನು. ನವೆಂಬರಿನ ಜಡಿಮಳೆಯಲ್ಲಿ ಮೂರು ದಿನ ಓಡಾಡುವಷ್ಟರಲ್ಲಿ ಆ ತುಪ್ಪುಳು ನೆನೆದ ಹತ್ತಿಯಂತೆ ಮುದ್ದೆಗಟ್ಟಿ ಹೊಲಿಗೆಯ ಅಡಿಗೆ ಇಳಿಯಿತು. ಭುಜದ ಮೇಲೆ ಎರಡು ಪದರ ಬಟ್ಟೆಯ ಹೊರತು ಬೇರೇನೂ ಉಳಿಯಲಿಲ್ಲ. ಅಲ್ಲಿಯೇ 95 ಪೌಂಡು ತೆತ್ತು ಮಳೆಯಂಗಿಯೊಂದನ್ನು ಕೊಂಡು ಅದರ ಮೇಲೆ ತೊಡಬೇಕಾಯಿತು.

ಬೆಚ್ಚಗಿಡುವುದು ತುಪ್ಪುಳಲ್ಲ, ಅದರ ಎಳೆಗಳ ನಡುವೆ ಚಲಿಸದೆ ನಿಂತ ಗಾಳಿ. ಒದ್ದೆಯಾದ ತುಪ್ಪುಳು ಕುಸಿದೊಡನೆ ಆ ಗಾಳಿಯೂ ಹೊರಟುಹೋಗುತ್ತದೆ. ಪಾಲಿಯೆಸ್ಟರ್ ನಾರಾದರೋ ನೀರನ್ನು ಹೀರಿಕೊಳ್ಳದುದರಿಂದ ತೇವದಲ್ಲಿಯೂ ಬಹುಮಟ್ಟಿಗೆ ಉಬ್ಬಿಯೇ ಇರುತ್ತದೆ. ಅಷ್ಟೇ ಬಿಸುಪಿಗೆ ಅದರ ತೂಕ ಹೆಚ್ಚು, ಮಡಚಿ ಮಡಚಿ ಕೆಲವು ವರ್ಷಗಳಲ್ಲಿ ಅದು ಚಪ್ಪಟೆಯಾಗುವುದೂ ಉಂಟು. ಗ್ಲಾಸ್ಗೋದ ಜನವರಿಯು ಸುಮಾರಾಗಿ 1ರಿಂದ 7 ಡಿಗ್ರಿಯೊಳಗಿನದು, ಮಳೆಯಿಂದ ತೊಯ್ದದ್ದು. ಕೆನಡಾದ ವಿನಿಪೆಗ್‌ನ ಜನವರಿಯು ಸೊನ್ನೆಗಿಂತ 15 ಡಿಗ್ರಿಗೂ ಕೆಳಗಿನದಾದರೂ ಒಣಗಿದ್ದು. ಅಲ್ಲಿ ಅಂಗಿಯ ಮೇಲೆ ಬಿದ್ದ ಹಿಮವನ್ನು ಹಿಟ್ಟಿನಂತೆ ಕೊಡವಿಬಿಡಬಹುದು. ತುಪ್ಪುಳಿನ ಜಾಕೆಟಿಗೆ ಕೊಟ್ಟ ಹಣ ಸಾರ್ಥಕವಾಗುವುದು ಅಂಥ ಊರಿನಲ್ಲಿಯೇ. ಆದುದರಿಂದ ಹೋಗುವ ಊರು ಎಷ್ಟು ತಣ್ಣಗಿದೆಯೆಂಬುದಕ್ಕಿಂತ ಮೊದಲು, ಅದು ಒದ್ದೆಯೋ ಒಣಗಿದ್ದೋ ಎಂಬುದನ್ನು ವಿಚಾರಿಸತಕ್ಕದ್ದು.

ಈ ವರ್ಷ ಕಾರ್ಕಳದಲ್ಲಿರುವ ನನ್ನ ತಂಗಿಯ ಮಗಳು ಅದೇ ಗ್ಲಾಸ್ಗೋಗೆ ಹೊರಟಳು. ಅಂಗಡಿಯಲ್ಲಿ ಒಂದು ಜಾಕೆಟಿನ ಚೀಟಿಯಲ್ಲಿ 700 ಎಂದೂ ಇನ್ನೊಂದರಲ್ಲಿ 550 ಎಂದೂ ಇತ್ತು. “ಮಾವ, 700 ಇರುವುದೇ ಹೆಚ್ಚು ಬೆಚ್ಚಗಲ್ಲವೇ?” ಎಂದಳು. ಆ ಅಂಕಿಯು ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂ ತುಪ್ಪುಳು ಎಷ್ಟು ಘನ ಅಂಗುಲ ಉಬ್ಬುತ್ತದೆಂಬುದನ್ನು ಹೇಳುತ್ತದೆ. ಅದು ಗುಣದ ಅಳತೆ, ಪ್ರಮಾಣದ್ದಲ್ಲ. ಮೊದಲನೆಯದರಲ್ಲಿ 100 ಗ್ರಾಂ ತುಂಬಿದ್ದರು, ಎರಡನೆಯದರಲ್ಲಿ 180 ಗ್ರಾಂ. ಗುಣಿಸಿ ನೋಡಿದರೆ ಮೊದಲನೆಯದು ಹೆಚ್ಚುಕಡಿಮೆ 2,500 ಘನ ಅಂಗುಲ, ಎರಡನೆಯದು 3,500; ಬೆಲೆ ಕಡಮೆಯಾದದ್ದೇ ಹೆಚ್ಚು ಬೆಚ್ಚನೆಯದು! ಆದರೆ ಮಳೆಯ ಊರಿಗೆ ಎರಡೂ ಸಲ್ಲವೆಂದು ಅವನ್ನು ಅಲ್ಲಿಯೇ ಬಿಟ್ಟೆವು.

ಬದಲಿಗೆ 1,800 ರೂಪಾಯಿಯ ಫ್ಲೀಸ್ ಅಂಗಿ, 4,500ರ ನಾರು ತುಂಬಿದ ತೆಳು ಜಾಕೆಟ್, 6,200ರ ಮಳೆಯಂಗಿ, ಹೀಗೆ ಒಟ್ಟು 12,500 ರೂಪಾಯಿಯಲ್ಲಿ ಮೂರು ಪದರಗಳಾದವು. ಮೈಗೆ ಅಂಟುವ ಪದರವಾಗಿ ಹತ್ತಿಯ ಬನಿಯನ್ ಬೇಡವೆಂದು, ಬೆವರನ್ನು ಹೀರಿ ತಣ್ಣಗಾಗದಂಥ ತೆಳುವಾದ ಉಣ್ಣೆಯದನ್ನು ಅವಳ ತಾಯಿ ಹುಡುಕಿಕೊಟ್ಟಳು. ಅಲ್ಲಿ ಹೊರಗೆ ಶೀತವಿದ್ದರೂ ಬಸ್ಸು, ತರಗತಿ, ಗ್ರಂಥಾಲಯಗಳೆಲ್ಲ ಕಾಯಿಸಿದವು. ಒಂದೇ ದಪ್ಪ ಜಾಕೆಟಾದರೆ ಒಳಗೆ ಬೆವೆತು, ಹೊರಗೆ ಬಂದಾಗ ಆ ಬೆವರೇ ಮೈಯನ್ನು ಕೊರೆಯುತ್ತದೆ. ಪದರಗಳಾದರೆ ಒಂದೊಂದಾಗಿ ಕಳಚಬಹುದು. ಮಳೆಯಂಗಿಯನ್ನು ಮಿಕ್ಕ ಎರಡನ್ನೂ ತೊಟ್ಟುಕೊಂಡೇ ಅಳತೆ ನೋಡಿ, ಕೈಯೆತ್ತಿದಾಗ ಭುಜ ಬಿಗಿಯದಂಥದನ್ನು ಆರಿಸಿದೆವು. ಅದರ ಚೀಟಿಯಲ್ಲಿದ್ದ 10,000 ಮಿ.ಮೀ. ಎಂಬುದು ಬಟ್ಟೆಯು ಸೋರದೆ ತಡೆಯುವ ನೀರಿನ ಸ್ತಂಭದ ಎತ್ತರ. ಆದರೆ ಬಟ್ಟೆ ತಡೆದರೂ ಸೂಜಿಯ ತೂತು ತಡೆಯದು. ಒಳಮಗ್ಗುಲನ್ನು ತಿರುಗಿಸಿ, ಎಲ್ಲ ಹೊಲಿಗೆಗಳ ಮೇಲೂ ಪಟ್ಟಿ ಅಂಟಿಸಿದೆಯೇ ಎಂದು ಬೆರಳಾಡಿಸಿ ನೋಡಬೇಕು. ನಾಟಿಯ ಹೆಂಗಸರು ಗೊರಬನ್ನು ಹೊದ್ದು ಬಾಗಿದಾಗ ಮೈಗೂ ಎಲೆಗೂ ನಡುವೆ ಗಾಳಿಯಾಡುವಂತೆ, ಇಲ್ಲಿ ಕಂಕುಳಲ್ಲಿ ತೆರೆಯುವ ಜಿಪ್ ಇದ್ದರೆ ಬೆವರಿನ ಆವಿಗೆ ದಾರಿಯಾಗುತ್ತದೆ.

ಆಗಸ್ಟಿನ ಕೊನೆಗೆ ಪ್ರಯಾಣ, ಆದುದರಿಂದ ಜುಲೈ ತಿಂಗಳಿನಲ್ಲಿಯೇ ಕೊಂಡೆವು. ಘಟ್ಟದ ಬುಡದ ಕಾರ್ಕಳದ ಮಳೆಗಿಂತ ಕಠಿಣವಾದ ಪರೀಕ್ಷಕರು ಇನ್ನಾರು? ಮಳೆಯಂಗಿ ತೊಡಿಸಿ ಅವಳನ್ನು ಅರ್ಧ ಗಂಟೆ ಅಂಗಳದಲ್ಲಿ ನಿಲ್ಲಿಸಿದೆನು. ಹೊಸ ಬಟ್ಟೆಯ ಮೇಲಿನ ಲೇಪದಿಂದ ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳುತ್ತಿತ್ತು. ಮುಂದೆ ಎಂದಾದರೂ ಅದು ಉರುಳದೆ ಬಟ್ಟೆ ಕಪ್ಪಾಗಿ ನೆನೆಯತೊಡಗಿದರೆ, ಒಗೆದು ಹೊಸ ಲೇಪವನ್ನು ಕೊಡಬೇಕೆಂದು ಹೇಳಿಕೊಟ್ಟೆನು. ಒಳಗೆ ಬಂದು ಕಳಚಿದಾಗ ಎಡತೋಳಿನ ಹೊಲಿಗೆಯ ಬಳಿ ಫ್ಲೀಸ್ ಅಂಗಿ ಅಂಗೈಯಗಲ ಒದ್ದೆಯಾಗಿತ್ತು. ಅಲ್ಲಿ ಪಟ್ಟಿ ಎದ್ದುಬಂದಿತ್ತು. ಮರುದಿನವೇ ಬಿಲ್ಲಿನೊಡನೆ ಅಂಗಡಿಗೆ ಒಯ್ದು ಬದಲಾಯಿಸಿ ತಂದೆವು, ತಂದದ್ದನ್ನೂ ತೊಡಿಸಿ ಅವಳನ್ನು ಅಂಗಳದಲ್ಲಿ ನಿಲ್ಲಿಸಿಯೇ ಪೆಟ್ಟಿಗೆಗೆ ಹಾಕಿದೆವು.