ಮುಂಗಡಕ್ಕೂ ಮೊದಲು ಉತಾರ ನೋಡಿ

ಗೋಕಾಕ, ಮೂಡಲಗಿ, ಹುಕ್ಕೇರಿಗೆ ವರ್ಗವಾಗಿ ಬಂದ ಬ್ಯಾಂಕ್ ನೌಕರರು ಮನೆ ಹಿಡಿಸಿತೆಂದು ಕೂಡಲೇ ಮುಂಗಡ ಕೊಟ್ಟುಬಿಡಬೇಡಿ. ‘ಕಾಕಾರ, ಕರಾರು ಬ್ಯಾಂಕಿನ ಹೆಸರಿಲೆ ಆಗಬೇಕ್ರಿ, ನಿಮ್ಮ ಪ್ಯಾನ್ ಬೇಕ್ರಿ’ ಎಂದು ಮೊದಲೇ ಹೇಳಿ. ಮಾಲೀಕರು ಹಿಂಜರಿಯುವುದು ತೆರಿಗೆ ಕಡಿತಕ್ಕೆ. 2025ರ ಏಪ್ರಿಲ್‌ನಿಂದ ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದರೆ ಮಾತ್ರ ಟಿಡಿಎಸ್. ಒಂಬತ್ತು ಸಾವಿರದ ಮನೆಗೆ ಅದು ತಟ್ಟುವುದಿಲ್ಲ. ಹಾಗೆಂದು ಬಾಡಿಗೆ ತೆರಿಗೆಯ ಲೆಕ್ಕಕ್ಕೇ ಬರುವುದಿಲ್ಲ ಎಂದು ನಂಬಿಸಬೇಡಿ. ಅದು ಅವರ ಆದಾಯವೇ.

ಕೆಲಸ ಕೆಡುವುದು ಹೆಚ್ಚಾಗಿ ಉತಾರದಲ್ಲಿ. ಅದು ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದು, ಮಗ ತನ್ನ ಪ್ಯಾನ್ ಕೊಟ್ಟರೆ ಕಡತ ಮರಳಿ ಬರಬಹುದು. ಪ್ಯಾನ್ ಜೆರಾಕ್ಸ್ ಮೇಲೆ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ಬರೆಸಿ, ತಾರೀಖಿನೊಂದಿಗೆ ಸಹಿ ಮಾಡಿಸಿ.