ಮುಖವೂ ಮಸೂರವೂ

ಡೊಂಬಿವಲಿಯ ಮೇಧಾ 16 ವರ್ಷದ ಹುಡುಗಿ. ಹನ್ನೊಂದನೆಯ ತರಗತಿಯ ವಿದ್ಯಾರ್ಥಿನಿ. ರಸಾಯನಶಾಸ್ತ್ರದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಆಕೆ ಒಂದು ಅಂಕಪಟ್ಟಿ ಬರೆದಿಟ್ಟುಕೊಂಡಿದ್ದಳು. ಮೂಗಿಗೆ ಹತ್ತಕ್ಕೆ 3, ಬಣ್ಣಕ್ಕೆ 4, ಗದ್ದಕ್ಕೆ 4, ಕಣ್ಣಿಗೆ 5. ಪರೀಕ್ಷಕಿಯೂ ಅವಳೇ, ಪರೀಕ್ಷಾರ್ಥಿಯೂ ಅವಳೇ.

ಈ ಅಂಕಗಳಿಗೆ ಅಳತೆಗೋಲಾದದ್ದು ಯಾವ ಚಿತ್ರನಟಿಯ ಮುಖವೂ ಅಲ್ಲ. ಫೋನಿನ ಫಿಲ್ಟರ್ ತಿದ್ದಿಕೊಟ್ಟ ಆಕೆಯದೇ ಮುಖ. ಫಿಲ್ಟರ್ ಮೊದಲು ಕಣ್ಣು, ಮೂಗು, ದವಡೆಗಳ ಅಂಚುಗಳನ್ನು ಗುರುತಿಸುತ್ತದೆ. ಬಳಿಕ ಕಣ್ಣನ್ನು ಹಿಗ್ಗಿಸಿ, ಮೂಗನ್ನು ಕಿರಿದಾಗಿಸಿ, ದವಡೆಯನ್ನು ಒಳಕ್ಕೆಳೆದು, ಚರ್ಮದ ರಂಧ್ರಗಳನ್ನು ಒರೆಸಿ, ಬಣ್ಣವನ್ನು ತಿಳಿಗೊಳಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುವುದರಿಂದ, ತಿದ್ದಿದ ಮುಖವೇ ತನ್ನದೆಂದೂ ಕನ್ನಡಿಯಲ್ಲಿರುವುದು ಅದರ ಕೆಟ್ಟ ಪ್ರತಿಯೆಂದೂ ನೋಡುವವರಿಗೆ ಭಾಸವಾಗುತ್ತದೆ. ಫಿಲ್ಟರ್ ಹಾಕದಿದ್ದರೂ ಎಷ್ಟೋ ಫೋನುಗಳ ಮುಂಭಾಗದ ಕ್ಯಾಮೆರಾ ತಾನಾಗಿಯೇ ಚರ್ಮವನ್ನು ನಯಗೊಳಿಸುವುದುಂಟು.

ಆ ದೀಪಾವಳಿಗೆ ಹುಬ್ಬಳ್ಳಿಯಿಂದ ಮೇಧಾಳ ಅಜ್ಜ ಬಂದಿದ್ದರು. ಅವರು ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಮೊಮ್ಮಗಳು ಮೂಗಿನ ಶಸ್ತ್ರಚಿಕಿತ್ಸೆಯ ವಿಚಾರ ತೆಗೆದು ತಾಯಿಯೊಡನೆ ಜಗಳವಾಡುವುದನ್ನು ಕೇಳಿ, ಫೋನನ್ನು ತೋರಿಸೆಂದರು. ಚಿತ್ರವನ್ನು ನೋಡಿ ನಕ್ಕರು.

“ಯವ್ವಾ, ಇದನ್ನ ಎಷ್ಟು ದೂರದಿಂದ ತಗದಿ? ನಮ್ಮ ಸ್ಟುಡಿಯೋದಾಗ ಐದಾರು ಅಡಿಗಿಂತ ಹತ್ತಿರ ಕ್ಯಾಮೆರಾ ಇಡತಿದ್ದಿಲ್ಲ. ಫೋನು ಮೂಗಿನ ಮುಂದ ಹಿಡಿದ್ರ ಯಾರ ಮೂಗಾದ್ರೂ ದೊಡ್ಡದ ಕಾಣತದ.”

ಅಜ್ಜ ಅಳತೆಪಟ್ಟಿ ತರಿಸಿದರು. ಮೇಧಾ ಫೋನ್ ಹಿಡಿಯುತ್ತಿದ್ದುದು ಮೂಗಿನ ತುದಿಯಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ. ಕಿವಿಗಳು ಮೂಗಿನ ತುದಿಗಿಂತ ಸುಮಾರು 12 ಸೆಂಟಿಮೀಟರ್ ಹಿಂದಿವೆ. ಅಂದರೆ ಕ್ಯಾಮೆರಾದಿಂದ 42 ಸೆಂಟಿಮೀಟರ್. ಹತ್ತಿರದ ವಸ್ತು ದೊಡ್ಡದಾಗಿ ಕಾಣುವ ಲೆಕ್ಕದಲ್ಲಿ 42ನ್ನು 30ರಿಂದ ಭಾಗಿಸಿದರೆ 1.4. ಕಿವಿಯ ಎದುರು ಮೂಗು ನೂರಕ್ಕೆ ನಲವತ್ತರಷ್ಟು ಹಿಗ್ಗಿದೆ ಎಂದಾಯಿತು. ಅದೇ ಕ್ಯಾಮೆರಾವನ್ನು 150 ಸೆಂಟಿಮೀಟರ್ ದೂರವಿಟ್ಟರೆ 162ನ್ನು 150ರಿಂದ ಭಾಗಿಸಬೇಕು. ಹಿಗ್ಗುವುದು ನೂರಕ್ಕೆ ಎಂಟು ಮಾತ್ರ. ಮೂರಂಕದ ಆ ಮೂಗು ಬಹುಪಾಲು ದೂರದ ದೋಷ!

ಫೋನಿನ ಚರ್ಮ ನಯಗೊಳಿಸುವ ಸೌಲಭ್ಯವನ್ನು ನಿಲ್ಲಿಸಿ, ಕಿಟಕಿಯ ಬೆಳಕಿನಲ್ಲಿ ಮೊಮ್ಮಗಳನ್ನು ಕೂರಿಸಿ, ಐದು ಅಡಿ ದೂರದಿಂದ ಹಿಂಭಾಗದ ಕ್ಯಾಮೆರಾದಲ್ಲಿ ಅಜ್ಜ ಚಿತ್ರ ತೆಗೆದರು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಮೇಧಾ ಬಹಳ ಹೊತ್ತು ಸುಮ್ಮನಿದ್ದಳು. ತಾವೂ ಒಂದು ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಸುಕ್ಕು, ಕಲೆಗಳನ್ನು ಮುಚ್ಚುತ್ತಿದ್ದುದನ್ನು ಅಜ್ಜ ಆಗ ಹೇಳಿದರು. ವರನ ಕಡೆಯವರಿಗೆ ಕಳುಹಿಸುವ ಹುಡುಗಿಯರ ಫೋಟೋಗಳಿಗಂತೂ ಆ ಪೆನ್ಸಿಲು ತಪ್ಪುತ್ತಿರಲಿಲ್ಲವಂತೆ. ಆದರೆ ಆ ಕೆಲಸ ವರ್ಷಕ್ಕೊಂದು ಚಿತ್ರಕ್ಕೆ ನಡೆಯುತ್ತಿತ್ತು. ಈಗ ದಿನಕ್ಕೆ ಇಪ್ಪತ್ತಕ್ಕೆ ನಡೆಯುತ್ತದೆ.

ಲೆಕ್ಕ ತಿಳಿದ ಮಾತ್ರಕ್ಕೆ ನೋಟ ಬದಲಾಗಲಿಲ್ಲ. ಮರುದಿನವೇ ಮೇಧಾ ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. ಪರಿಚಯದ ಮನೋವೈದ್ಯೆಯೊಬ್ಬರು ಆಗ ಒಂದು ಅಭ್ಯಾಸ ಹೇಳಿಕೊಟ್ಟರು. ಕನ್ನಡಿಯಿಂದ ಎರಡು ಮೂರು ಅಡಿ ದೂರ ನಿಲ್ಲಬೇಕು. ಒಂದೇ ಅಂಗವನ್ನು ದಿಟ್ಟಿಸದೆ, ಹಣೆಯಿಂದ ಗದ್ದದವರೆಗೆ ಕಂಡದ್ದನ್ನು, ಪರಿಚಯವಿಲ್ಲದವರಿಗೆ ಗುರುತು ಹೇಳುವಂತೆ, ಬಾಯಿಬಿಟ್ಟು ವರ್ಣಿಸಬೇಕು. “ಚೆಂದ”, “ಅಸಹ್ಯ” ಎಂಬ ಮಾತುಗಳಿಗೆ ಅಲ್ಲಿ ಎಡೆಯಿಲ್ಲ. ಕೆಲವು ನಿಮಿಷಗಳಲ್ಲಿ ಮುಗಿಸಿ ಕನ್ನಡಿ ಬಿಟ್ಟು ಬರಬೇಕು.

ಮೊದಲ ದಿನ “ಮೂಗು ದಪ್ಪ” ಎಂಬಲ್ಲಿಗೇ ಮಾತು ನಿಂತಿತು. ಎರಡನೆಯ ವಾರದ ಹೊತ್ತಿಗೆ ವರ್ಣನೆ ಹೀಗಾಗಿತ್ತು: “ಎಡಹುಬ್ಬು ಬಲಹುಬ್ಬಿಗಿಂತ ತುಸು ಮೇಲಿದೆ. ಬಲಹುಬ್ಬಿನ ತುದಿಯಲ್ಲಿ ಸೀತಾಳೆಯ ಸಣ್ಣ ಗುಳಿ. ಮೂಗಿನ ಮಧ್ಯದಲ್ಲಿ ಅಜ್ಜಿಗಿದ್ದಂತಹ ಚಿಕ್ಕ ಉಬ್ಬು. ಬಣ್ಣ ಹಣೆಯಲ್ಲಿ ಒಂದು ತೆರ, ಕೆನ್ನೆಯಲ್ಲಿ ಇನ್ನೊಂದು ತೆರ.” ಫಿಲ್ಟರ್ ಅಳಿಸಿಹಾಕಿದ್ದುದು ಈ ಗುರುತುಗಳನ್ನೇ. ಮೂಗು ತನಗಿನ್ನೂ ಅಷ್ಟೇನೂ ಇಷ್ಟವಿಲ್ಲವೆಂದು ಮೇಧಾ ತಾಯಿಗೆ ಹೇಳಿದಳು; ಶಸ್ತ್ರಚಿಕಿತ್ಸೆಯ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ವೈದ್ಯೆ ತಾಯಿಯನ್ನು ಬೇರೆಯಾಗಿ ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳಿದ್ದರು. ಮುಖದ ಚಿಂತೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಾಡುತ್ತದೆಯೆ? ಹುಡುಗಿ ಕಾಲೇಜು, ಮದುವೆಮನೆಗಳನ್ನು ತಪ್ಪಿಸುತ್ತಾಳೆಯೆ? ಮುಖ ಮುಚ್ಚಿಕೊಳ್ಳುತ್ತಾಳೆಯೆ? ಮತ್ತೆ ಮತ್ತೆ “ಕಾಣುತ್ತದೆಯೆ?” ಎಂದು ಕೇಳಿ, ಉತ್ತರದಿಂದ ಸಮಾಧಾನಗೊಳ್ಳುವುದಿಲ್ಲವೆ? ಮೇಧಾಳ ವಿಷಯದಲ್ಲಿ ಇವಕ್ಕೆಲ್ಲ “ಇಲ್ಲ” ಎಂಬ ಉತ್ತರವೇ ಬಂದಿತು. “ಹೌದು” ಎಂದು ಬಂದಿದ್ದರೆ ಅದು ಹದಿಹರೆಯದ ಚಪಲವಲ್ಲ, ದೇಹರೂಪದ ಗೀಳುರೋಗವಿರಬಹುದೆಂದು ವೈದ್ಯೆ ತಿಳಿಸಿದರು. ಅದಕ್ಕೆ ಮಾತಿನ ಚಿಕಿತ್ಸೆಯೂ ಔಷಧಿಯೂ ಇವೆ. ಶಸ್ತ್ರಚಿಕಿತ್ಸೆಯಿಂದ ಅದು ಸಾಮಾನ್ಯವಾಗಿ ಶಮನವಾಗದೆ ಇನ್ನೊಂದು ಅಂಗಕ್ಕೆ ತಿರುಗುತ್ತದೆ. ಬದುಕೇ ಬೇಡವೆಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.